ಮದುವೆ ಗೊತ್ತಾಯಿತು ಅಂತ ಹೇಳುವುದು ಹೇಗೆ?

ನನ್ನ ಅಕ್ಕನ ಮಗಳ ಮದುವೆ ಗೊತ್ತಾಯಿತು. ಹುಡುಗಿ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಮನೆತನ ಧಾರವಾಡದ ಕಡೆಯದು. ಹುಡುಗ ಚೆನ್ನೈನವನು, ಅವರ ಮೂಲ ಹಾಸನ ಜಿಲ್ಲೆ. ಇಬ್ಬರೂ ಪುಣೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಪರಿಚಯವಾಗಿ, ಎರಡು ವರ್ಷದ ಮೇಲೆ ಮನೆಯವರಿಗೆ ಹೇಳಿದರು. ಶ್ರಾವಣದಲ್ಲಿ ನಿಶ್ಚಿತಾರ್ಥ ನಡೆಯಿತು. ಅದರ ಮರುದಿನ ಹುಡುಗಿ ನನಗೆ ಫೋನು ಮಾಡಿ, "ಮೌಶಿ, ಎಲ್ಲಾರಿಗೂ ತಿಳಿಸಬೇಕು. ಒಂದು ನಾಲ್ಕು ಸಾಲು ಬರದೀವಿ, ಒಂಚೂರು ನೋಡಿ ಕೊಡ" ಅಂದಳು. ಈ ಸಲದ ಅಂಕಣ ಆ ನಾಲ್ಕು ಸಾಲಿನದು. ಅದು ಕೊನೆಗೆ ನಾಲ್ಕು ಸಾಲಾಗಿ ಉಳಿಯಲಿಲ್ಲ ಅನ್ನುವುದು ಬೇರೆ ಮಾತು.

ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಆಫೀಸಿನ ಗೆಳೆಯರಿಗೆ ಅದು ಸಾಕಾಗಿತ್ತು. ಆದರೆ ಧಾರವಾಡದ ಬಳಗದ ಗುಂಪಿಗೆ, ಹಾಸನದ ಬಳಗದ ಗುಂಪಿಗೆ, ಡೊಂಬಿವಲಿಯ ಕನ್ನಡ ಸಂಘದವರಿಗೆ ಕನ್ನಡದಲ್ಲೇ ಹೋಗಬೇಕು ಅಂತ ಇಬ್ಬರಿಗೂ ಅನ್ನಿಸಿತು. ಇಂಗ್ಲಿಷಿನದನ್ನೇ ಕನ್ನಡಕ್ಕೆ ತಿರುಗಿಸಿದಾಗ ಮೊದಲ ಸಾಲು ಹೀಗೆ ಬಂತು: "ಅವಳು ಹೌದು ಎಂದಳು!" ಇದನ್ನು ನಮ್ಮ ಆಯಿಗೆ ಓದಿ ಹೇಳಿದರೆ, "ಯಾರು ಏನು ಕೇಳಿದ್ರಂತ ಹೌದು ಅಂದಳು?" ಅಂತ ಕೇಳಿದಳು. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಮರಾಠಿ ನೆರೆಹೊರೆಯವರಿಗೆ ಅದು ತಾಯಿ. ಹಾಗಾಗಿ ಡೊಂಬಿವಲಿಯ ಕಟ್ಟಡದಲ್ಲಿ ಈ ಹುಡುಗಿಗೆ ಇಬ್ಬರು ತಾಯಂದಿರು ಅಂತ ಮೊದಮೊದಲು ಕೆಲವರು ತಿಳಿದುಕೊಂಡಿದ್ದರು. ನನ್ನ ತಾಯಿ, ಎಂಬತ್ನಾಲ್ಕು ವರ್ಷ, ಈ ಮಗುವನ್ನು ತೊಟ್ಟಿಲಿನಿಂದ ಬೆಳೆಸಿದವಳು ಅವಳೇ.

ಆಯಿಯ ಪ್ರಶ್ನೆ ತಮಾಷೆಯದಾದರೂ ಅದರಲ್ಲಿ ಒಂದು ನಿಜವಿತ್ತು. ಇಂಗ್ಲಿಷಿನಲ್ಲಿ ನಿಶ್ಚಿತಾರ್ಥ ಅಂದರೆ ಒಬ್ಬ ಕೇಳುವುದು, ಇನ್ನೊಬ್ಬಳು ಒಪ್ಪುವುದು. ಅದು ಇಬ್ಬರ ನಡುವೆ ಮುಗಿದುಹೋಗುತ್ತದೆ. ಕನ್ನಡದಲ್ಲಿ ನಾವು "ಮದುವೆ ಗೊತ್ತಾಯಿತು" ಅನ್ನುತ್ತೇವೆ. ಗೊತ್ತು ಮಾಡುವುದು ಅಂದರೆ ನೆಲೆ ನಿಲ್ಲಿಸುವುದು, ಇಂಥದ್ದು ಅಂತ ಖಚಿತ ಮಾಡುವುದು. ಅದೇ ಮಾತಿಗೆ ತಿಳಿದಿರುವುದು ಅನ್ನುವ ಅರ್ಥವೂ ಇದೆ. ನಾಲ್ಕು ಜನ ಕೂತು ನಿಲ್ಲಿಸಬೇಕು, ನಾಲ್ಕು ಜನಕ್ಕೆ ತಿಳಿಯಬೇಕು, ಆಗ ಅದು ಗೊತ್ತಾದ ಹಾಗೆ. ಆದ್ದರಿಂದ ಮೊದಲ ಸಾಲಿಗೆ ಬೇರೆ ಏನೂ ಹುಡುಕಬೇಕಾಗಿರಲಿಲ್ಲ. "ನಮ್ಮ ಮದುವೆ ಗೊತ್ತಾಗಿದೆ" ಅಂದರೆ ಸಾಕು.

ಎರಡನೆಯ ಪ್ರಯತ್ನದಲ್ಲಿ ಹುಡುಗ ಹಳೆಯ ಲಗ್ನಪತ್ರಿಕೆಯೊಂದನ್ನು ಎದುರಿಗಿಟ್ಟುಕೊಂಡು ಬರೆದ. "ಗುರುಹಿರಿಯರು ನಿಶ್ಚಯಿಸಿರುವಂತೆ ಚಿ. ಸೌ. ಇವಳ ವಿವಾಹ ನಿಶ್ಚಿತಾರ್ಥವು ಚಿ. ಇವನೊಂದಿಗೆ" ಅಂತ ಶುರು. ಕನ್ನಡವೇನೋ ಶುದ್ಧವಾಗಿತ್ತು. ತೊಂದರೆ ಇದ್ದದ್ದು ಮಾತಾಡುವವರು ಯಾರು ಅನ್ನುವುದರಲ್ಲಿ.

ಆ ಒಕ್ಕಣೆ ಹುಟ್ಟಿದ್ದು ತಂದೆತಾಯಿ, ಅಜ್ಜಂದಿರು ಕರೆಯುವ ಪತ್ರಕ್ಕೆ. ಚಿ. ಅಂದರೆ ಚಿರಂಜೀವಿ, ಸೌ. ಅಂದರೆ ಸೌಭಾಗ್ಯವತಿ. ಮುಂಬಯಿ, ಪುಣೆಯವರಿಗೆ ಮರಾಠಿ ಪತ್ರಿಕೆಗಳ ಚಿ. ಸೌ. ಕಾಂ. ಕೂಡ ಪರಿಚಿತ, ಅದು ಸೌಭಾಗ್ಯಕಾಂಕ್ಷಿಣಿ. ಇವೆಲ್ಲ ಬರಿಯ ಅಕ್ಷರಗಳಾಗಿ ಕಾಣುತ್ತವೆ, ಆದರೆ ಇವು ಆಶೀರ್ವಾದಗಳು. ಬಹುಕಾಲ ಬಾಳು ಅಂತ ದೊಡ್ಡವರು ಚಿಕ್ಕವರ ಹೆಸರಿನ ಹಿಂದೆ ಇಟ್ಟ ಹಾರೈಕೆ. ಅದನ್ನು ತಮ್ಮ ಹೆಸರಿಗೆ ತಾವೇ ಹಾಕಿಕೊಂಡರೆ ತಮ್ಮ ತಲೆಯ ಮೇಲೆ ತಾವೇ ಅಕ್ಷತೆ ಹಾಕಿಕೊಂಡ ಹಾಗೆ. ಹುಡುಗ ಹುಡುಗಿ ತಾವೇ ಬರೆಯುವುದಾದರೆ ಬರಿಯ ಹೆಸರು ಸಾಕು. ಚಿ., ಸೌ. ಬೇಕೇಬೇಕು ಅಂದರೆ ತಂದೆತಾಯಿಯ ಹೆಸರಿನಲ್ಲಿ ಬರೆಯಬೇಕು. ಎರಡೂ ಸರಿ, ಬೆರೆಸುವುದು ಮಾತ್ರ ಸರಿಯಲ್ಲ. "ನಾವು" ಅಂತ ಶುರುವಾದ ಒಕ್ಕಣೆ ಮೂರನೆಯ ಸಾಲಿನಲ್ಲಿ "ನಮ್ಮ ಪುತ್ರಿ" ಅಂತ ತಿರುಗಿದರೆ ಓದುವವರು ತಬ್ಬಿಬ್ಬಾಗುತ್ತಾರೆ. ಕಳಿಸುವ ಮೊದಲು ಇದನ್ನು ಕಂಡುಹಿಡಿಯಲು ಸುಲಭ ಉಪಾಯ ಅಂದರೆ ಗಟ್ಟಿಯಾಗಿ ಓದುವುದು. ಯಾವ ಸಾಲು ನಿಮ್ಮ ಬಾಯಲ್ಲಿ ಬರುವುದಿಲ್ಲವೋ ಅದು ಬೇರೆಯವರ ಸಾಲು.

"ಗುರುಹಿರಿಯರು ನಿಶ್ಚಯಿಸಿರುವಂತೆ" ಅನ್ನುವುದರ ಬಗ್ಗೆ ಮಾತ್ರ ನಾವು ಎರಡು ಸಂಜೆ ಮಾತಾಡಿದೆವು. ಯಾಕೆಂದರೆ ಅದು ನಿಜವಾಗಿರಲಿಲ್ಲ. ನಿಶ್ಚಯ ಮಾಡಿದವರು ಮೊದಲು ಇವರಿಬ್ಬರೇ. ಎರಡು ಮನೆತನಗಳ ಪಂಗಡ ಬೇರೆ. ಧಾರವಾಡದ ಕಡೆ ಹೆಚ್ಚು ಕಷ್ಟವಾಗಲಿಲ್ಲ. ಹಾಸನದ ಕಡೆ ಹುಡುಗನ ದೊಡ್ಡಪ್ಪ, ಮನೆಯ ಹಿರಿಯರು, ಎಂಟು ತಿಂಗಳು "ನೋಡೋಣಪ್ಪ" ಅನ್ನುವುದರ ಆಚೆಗೆ ಒಂದು ಮಾತೂ ಆಡಲಿಲ್ಲ. ಬೈಯಲಿಲ್ಲ, ತಡೆಯಲಿಲ್ಲ, ಒಪ್ಪಲೂ ಇಲ್ಲ. ಹುಡುಗನ ತಂದೆಗೆ ಅಣ್ಣನ ಮಾತು ಮೀರುವ ಮನಸ್ಸಿಲ್ಲ. ಆಮೇಲೆ ಒಂದು ದಿನ ದೊಡ್ಡಪ್ಪ ಒಬ್ಬರೇ ಚೆನ್ನೈನಿಂದ ರೈಲು ಹತ್ತಿ ಮುಂಬಯಿಗೆ ಬಂದರು. ಡೊಂಬಿವಲಿಯ ಮನೆಯಲ್ಲಿ ಊಟ ಮಾಡಿದರು, ಆಯಿಯ ಜೊತೆ ಮಳೆ ಬೆಳೆ ಅಂತ ಒಂದು ತಾಸು ಮಾತಾಡಿದರು, ಹೊರಡುವಾಗ ಹುಡುಗಿಗೆ, "ಚೆನ್ನೈ ಸೆಕೆ ತಡ್ಕೋತೀಯೇನಮ್ಮ?" ಅಂತ ಕೇಳಿದರು. ಅದೇ ಒಪ್ಪಿಗೆ.

ಈಗ ಇದನ್ನು ಹೇಳುವುದು ಹೇಗೆ? "ಗುರುಹಿರಿಯರು ನಿಶ್ಚಯಿಸಿದಂತೆ" ಅಂದರೆ ಬಳಗದಲ್ಲಿ ಅರ್ಧ ಜನಕ್ಕೆ ನಿಜಸಂಗತಿ ಗೊತ್ತು, ಮುಸಿಮುಸಿ ನಗುತ್ತಾರೆ. "ನಾವು ಮದುವೆಯಾಗಲು ನಿರ್ಧರಿಸಿದ್ದೇವೆ" ಅಂದರೆ ದೊಡ್ಡಪ್ಪನ ಆ ರೈಲು ಪ್ರಯಾಣಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. "ಎಷ್ಟೋ ವಿರೋಧಗಳ ನಡುವೆ" ಅಂತ ಹುಡುಗನ ಗೆಳೆಯನೊಬ್ಬ ಸೂಚಿಸಿದ. ಅದಂತೂ ಬೇಡವೇ ಬೇಡ. ಒಪ್ಪಿದ ಮೇಲೆ ವಿರೋಧದ ಲೆಕ್ಕ ತೆಗೆದರೆ ಒಪ್ಪಿದವರು ಮತ್ತೆ ಒಂಟಿಯಾಗುತ್ತಾರೆ.

ಕೊನೆಗೆ ನಿಂತ ಮಾತು ಇದು: "ನಾವು ಒಬ್ಬರನ್ನೊಬ್ಬರು ಮೆಚ್ಚಿದೆವು. ಮನೆಯ ಹಿರಿಯರು ನಮ್ಮ ಮಾತು ಕೇಳಿ, ಯೋಚಿಸಿ, ಒಪ್ಪಿ ಗೊತ್ತುಮಾಡಿದರು." ಮೆಚ್ಚಿದವರು ಯಾರು ಅನ್ನುವುದು ಇದರಲ್ಲಿ ಮುಚ್ಚಿಲ್ಲ. ಗೊತ್ತುಮಾಡಿದ ಗೌರವ ಯಾರದೋ ಅವರಿಗೇ ಹೋಗಿದೆ. "ಯೋಚಿಸಿ" ಅನ್ನುವ ಒಂದು ಪದದಲ್ಲಿ ಎಂಟು ತಿಂಗಳು ಇದೆ. ತಿಳಿದವರಿಗೆ ತಿಳಿಯುತ್ತದೆ, ತಿಳಿಯದವರಿಗೆ ಅದು ಒಳ್ಳೆಯ ಹಿರಿಯರ ಲಕ್ಷಣ.

ಇನ್ನು ಹಿರಿಯರಿಗೆ ಕೃತಜ್ಞತೆ ಹೇಳುವ ಭಾಗ. ಮಕ್ಕಳು ಬರೆದಿದ್ದರು: "ನಿಮ್ಮೆಲ್ಲರ ಆಶೀರ್ವಾದಗಳಿಗಾಗಿ ಹೃತ್ಪೂರ್ವಕ ಧನ್ಯವಾದಗಳು." ಓದಿದ ಕೂಡಲೇ ನನಗೆ ಸಂಘದ ವಾರ್ಷಿಕೋತ್ಸವದ ವಂದನಾರ್ಪಣೆ ನೆನಪಾಯಿತು. ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ಆಶೀರ್ವಾದ ಮಾಡಿದವರಿಗೆ. ಆಯಿಗೆ ಓದಿ ಹೇಳಿದಾಗ ಅವಳಿಗೂ ಅದು ಹಿಡಿಸಲಿಲ್ಲ. "ನನಗ್ಯಾಕವ್ವಾ ಧನ್ಯವಾದ? ನಾ ಏನು ಹೊರಗಿನಾಕೀನ?" ಅಂದಳು.

ನಮ್ಮ ಮನೆಗಳಲ್ಲಿ ಹೀಗೆಯೇ. ತಾಯಿ ಅನ್ನ ಬಡಿಸಿದರೆ ಧನ್ಯವಾದ ಅನ್ನುವುದಿಲ್ಲ, ಅಜ್ಜ ಕೈಯಲ್ಲಿ ದುಡ್ಡಿಟ್ಟರೆ ಧನ್ಯವಾದ ಅನ್ನುವುದಿಲ್ಲ. ಹಾಗಂತ ಕೃತಜ್ಞತೆ ಇಲ್ಲ ಅಂತಲ್ಲ, ಅದಕ್ಕೆ ಬೇರೆ ದಾರಿ ಇದೆ. ಹಳೆಯ ಕಾಗದಗಳನ್ನು ನೆನಪಿಸಿಕೊಳ್ಳಿ. ಚಿಕ್ಕವರು ಬರೆದರೆ "ತೀರ್ಥರೂಪು ತಂದೆಯವರಿಗೆ ಮಾಡುವ ನಮಸ್ಕಾರಗಳು" ಅಂತ ಶುರು. ದೊಡ್ಡವರು ಬರೆದರೆ "ಮಾಡುವ ಆಶೀರ್ವಾದಗಳು". ನಮಸ್ಕಾರ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಆಶೀರ್ವಾದ ಮೇಲಿನಿಂದ ಕೆಳಕ್ಕೆ ಬರುತ್ತದೆ. ಆಶೀರ್ವಾದಕ್ಕೆ ಉತ್ತರ ಧನ್ಯವಾದ ಅಲ್ಲ, ನಮಸ್ಕಾರ. ಧನ್ಯವಾದ ಹೇಳಿದರೆ ಲೆಕ್ಕ ಚುಕ್ತಾ ಆದ ಹಾಗೆ, ನಮಸ್ಕಾರ ಮಾಡಿದರೆ ಸಂಬಂಧ ಮುಂದುವರಿದ ಹಾಗೆ. ಆದ್ದರಿಂದ "ಧನ್ಯವಾದಗಳು" ಇದ್ದಲ್ಲಿ "ನಮ್ಮಿಬ್ಬರ ನಮಸ್ಕಾರಗಳು" ಅಂತ ಹಾಕಿದೆವು. ಹೊಂದಿಕೊಂಡು ಕೂತಿತು. ಗೆಳೆಯರಿಗೆ, ಸಹೋದ್ಯೋಗಿಗಳಿಗೆ ಧನ್ಯವಾದ ಇರಲಿ, ಅಲ್ಲಿ ಅದಕ್ಕೆ ಜಾಗ ಇದೆ.

ಎರಡನೆಯ ಸಂಗತಿ, ಯಾರಿಗೆ ನಮಸ್ಕಾರ ಅಂತ ಹೇಳುವುದು. "ಎಲ್ಲ ಹಿರಿಯರಿಗೆ" ಅಂದರೆ ಯಾರಿಗೂ ತಾಕುವುದಿಲ್ಲ. ಹೆಸರು ಹೇಳುತ್ತಾ ಹೋದರೆ ಒಂದು ಹೆಸರು ಬಿಟ್ಟುಹೋಗಿ ವರ್ಷಗಟ್ಟಲೆ ಮುನಿಸು. ಇದಕ್ಕೆ ಒಳ್ಳೆಯ ಮಧ್ಯದ ದಾರಿ ಅಂದರೆ ಸಂಬಂಧವಾಚಕಗಳು. ಆದರೆ ಇಲ್ಲಿ ಎರಡು ಸೀಮೆಯ ಕನ್ನಡ. ನಮ್ಮಲ್ಲಿ ಕಾಕಾ, ಕಾಕು, ಮೌಶಿ, ಮಾಮಾ. ಅವರಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ದೊಡ್ಡಮ್ಮ, ಸೋದರಮಾವ. ನಮ್ಮಲ್ಲಿ ಉಡಿ ತುಂಬುತ್ತಾರೆ, ಅವರಲ್ಲಿ ಮಡಿಲು ತುಂಬುತ್ತಾರೆ. ಅಕ್ಕಿ, ಕೊಬ್ಬರಿ, ಅಡಿಕೆ, ಅರಿಶಿನ ಸೆರಗಿಗೆ ಬೀಳುವುದು ಎರಡು ಕಡೆಯೂ ಒಂದೇ. ಒಂದೇ ಬರಹ ಎರಡೂ ಬಳಗಕ್ಕೆ ಹೋಗುವುದರಿಂದ ಒಂದು ಕಡೆಯ ಮಾತನ್ನು ಮಾತ್ರ ಇಟ್ಟರೆ ಇನ್ನೊಂದು ಕಡೆಯವರು ಹೊರಗಿನವರಾಗುತ್ತಾರೆ. ಹುಡುಗಿಗೆ ಒಂದು ಸರಳ ಉಪಾಯ ಹೊಳೆಯಿತು. ಎರಡನ್ನೂ ಜೋಡಿಯಾಗಿ ಇಡುವುದು. "ಕಾಕಾ, ಚಿಕ್ಕಪ್ಪ, ಮೌಶಿ, ಚಿಕ್ಕಮ್ಮ, ಮಾಮಾ, ಸೋದರಮಾವ" ಅಂತ. ಓದಿದರೆ ಎರಡು ಮನೆಯ ಜನ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಇತ್ತು.

ಹೆಸರು ಹಿಡಿದು ಹೇಳಬೇಕಾದವರು ಇಬ್ಬರು ಮಾತ್ರ ಅಂತ ಹುಡುಗಿಯ ಹಟ. ಒಬ್ಬರು ಹಾಸನದ ದೊಡ್ಡಪ್ಪ, ಇನ್ನೊಬ್ಬಳು ಆಯಿ. ಆಯಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಂದೆ ತೀರಿಕೊಂಡು ಹತ್ತೊಂಬತ್ತು ವರ್ಷ. ಅಂದಿನಿಂದ ಆಯಿ ಯಾವ ಶುಭಕಾರ್ಯದಲ್ಲೂ ಮುಂದೆ ಬರುವುದಿಲ್ಲ. ಅಡುಗೆಮನೆಯ ಎಲ್ಲ ಉಸ್ತುವಾರಿ ಅವಳದೇ, ಆರತಿ ತಟ್ಟೆ ಸಿದ್ಧಮಾಡುವವಳೂ ಅವಳೇ, ಆದರೆ ಆರತಿ ಎತ್ತುವ ಹೊತ್ತಿಗೆ ಬಾಗಿಲ ಹಿಂದೆ. ಹೀಗೆ ಇರು ಅಂತ ನಾವು ಯಾರೂ ಹೇಳಿದವರಲ್ಲ. ಬೇಡ ಅಂತ ಹೇಳಿದರೂ ಕೇಳುವವಳಲ್ಲ. ನಿಶ್ಚಿತಾರ್ಥದ ದಿನವೂ ಹಾಗೆಯೇ ಆಯಿತು. ಅಂದು ಎರಡೂ ಕಡೆಯವರು ಎದುರುಬದುರು ಕೂತರು. ಪುರೋಹಿತರು ಹುಡುಗ ಹುಡುಗಿಯ ಹೆಸರು, ತಂದೆತಾಯಿಯ ಹೆಸರು, ಮುಹೂರ್ತದ ದಿನ ಬರೆದ ಲಗ್ನಪತ್ರಿಕೆ ಓದಿದರು. ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ಜೊತೆ ತಟ್ಟೆಯಲ್ಲಿಟ್ಟು ಹಿರಿಯರು ತಟ್ಟೆ ಬದಲಾಯಿಸಿಕೊಂಡರು. ನಮ್ಮಲ್ಲಿ ನಿಶ್ಚಿತಾರ್ಥ ಅಂದರೆ ಅದೇ. ಉಂಗುರ ಆಮೇಲೆ ಬಂದ ಸಂಭ್ರಮ. ಉಡಿ ತುಂಬುವಾಗ ಐದು ಜನ ಮುತ್ತೈದೆಯರು ಬಂದರು. ಹುಡುಗಿ ತುಂಬಿದ ಉಡಿ ಹಿಡಿದುಕೊಂಡೇ ಎದ್ದು ಅಡುಗೆಮನೆಗೆ ಹೋದಳು, ಆಯಿಯ ಕಾಲು ಮುಟ್ಟಿದಳು. ಆಯಿ ಒಂದು ಹಿಡಿ ಅಕ್ಕಿ ತೆಗೆದು ಅವಳ ಉಡಿಗೆ ಹಾಕಿದಳು. ಯಾರೂ ಏನೂ ಅನ್ನಲಿಲ್ಲ. ದೊಡ್ಡಪ್ಪ ಮಾತ್ರ ಕೂತಲ್ಲಿಂದಲೇ, "ಸರಿಯಾಗಿ ಮಾಡಿದೆ ಮಗಳೇ" ಅಂದರು.

ಇದನ್ನು ಬರೆಯಬೇಕೇ? ಹುಡುಗಿಗೆ ಬರೆಯುವ ಆಸೆ ಇತ್ತು. ನಾನು ಬೇಡ ಅಂದೆ. ಬರೆದರೆ ಆಯಿಯ ವೈಧವ್ಯ ನೂರಾರು ಜನರ ಮುಂದೆ ಚರ್ಚೆಗೆ ಬರುತ್ತದೆ. ಕೆಲವರು ಹೊಗಳುತ್ತಾರೆ, ಒಬ್ಬಿಬ್ಬರು ಶಾಸ್ತ್ರ ಹೇಳುತ್ತಾರೆ. ಎರಡೂ ಆಯಿಗೆ ಬೇಕಿಲ್ಲ. ಅದರ ಬದಲು ಹಿರಿಯರ ಸಾಲಿನಲ್ಲಿ ಮೊದಲ ಹೆಸರು ಅವಳದಿರಲಿ ಅಂತ ತೀರ್ಮಾನಿಸಿದೆವು. ಶುಭಸಮಾಚಾರದ ಮೊದಲ ನಮಸ್ಕಾರ ಅವಳಿಗೆ ಸಂದರೆ ಹೇಳಬೇಕಾದದ್ದೆಲ್ಲ ಹೇಳಿದಂತೆಯೇ. (ಇಲ್ಲಿ ಬರೆಯುವ ಮೊದಲು ಆಯಿಯನ್ನು ಕೇಳಿದ್ದೇನೆ. "ನಿನ್ನ ಪತ್ರಿಕಿ ಓದೋರು ಬ್ಯಾರೆ ಊರವರಲ್ಲಾ, ಬರಿ" ಅಂದಳು.) ಅಜ್ಜನನ್ನೂ ಬಿಡಬಾರದು ಅಂತ ಹುಡುಗಿ ಅಂದಳು. ಶುಭದ ಬರಹದಲ್ಲಿ ತೀರಿಕೊಂಡವರ ಮಾತು ಬೇಡ ಅನ್ನುವವರಿದ್ದಾರೆ, ಆದರೆ ನಮ್ಮ ಕರೆಯೋಲೆಗಳಲ್ಲಿ "ದಿ." ಅಂತ ಹಾಕಿ ಅಜ್ಜಂದಿರ ಹೆಸರು ಬರೆಯುವ ವಾಡಿಕೆ ಇದ್ದೇ ಇದೆ. ಯಾರ ಮೊಮ್ಮಗಳು ಅಂತ ಪರಿಚಯಿಸುವ ಕಡೆ ಅಜ್ಜನ ಹೆಸರು ತಾನಾಗಿ ಬಂತು. ಬೇರೆ ಶೋಕದ ಸಾಲು ಬೇಕಾಗಲಿಲ್ಲ.

ಪರಿಚಯ ಅಂದೆನಲ್ಲ, ಹೊರನಾಡಿನಲ್ಲಿ ಇದಕ್ಕೆ ಊರಿಗಿಂತ ಹೆಚ್ಚಿನ ಅಗತ್ಯ ಇದೆ. ಧಾರವಾಡದಲ್ಲಿರುವ ದಾಯಾದಿಗಳಿಗೆ ಈ ಹುಡುಗಿಯ ಹೆಸರು ಗೊತ್ತಿಲ್ಲ, ಮುಖ ಗುರುತಿಲ್ಲ. ಅವರಿಗೆ ಗೊತ್ತಿರುವುದು ಅವಳ ಅಜ್ಜ. ಚೆನ್ನೈ ಹುಡುಗನನ್ನು ಹಾಸನದಲ್ಲಿ ಗುರುತಿಸುವುದು ಅವನ ದೊಡ್ಡಪ್ಪನ ಹೆಸರಿನಿಂದ. ಮೊಬೈಲಿನಲ್ಲಿ ಬರಹ ಉದ್ದವಾದರೆ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದಕ್ಕೆ ಬೆರಳಿಡಬೇಕು. ವಯಸ್ಸಾದವರು ಎಷ್ಟೋ ಜನ ಬೆರಳಿಡುವುದಿಲ್ಲ. ಹಾಗಾಗಿ ಯಾರು, ಯಾರ ಮನೆಯವರು, ಏನಾಯಿತು ಈ ಮೂರೂ ಮೊದಲಿಗೇ ಬರಬೇಕು. ಭಾವನೆಗಳು ಆಮೇಲೆ.

ಇನ್ನೊಂದು ಸೂಕ್ಷ್ಮ ಇದೆ. ನಿಶ್ಚಿತಾರ್ಥವಾಯಿತು ಅಂತ ತಿಳಿಸುವ ಬರಹ, ಓದುವ ಮುಕ್ಕಾಲು ಜನಕ್ಕೆ "ನಿಮ್ಮನ್ನು ಕರೆದಿರಲಿಲ್ಲ" ಅಂತಲೂ ತಿಳಿಸುತ್ತದೆ. ನಮ್ಮಲ್ಲಿ ಸೇರಿದ್ದು ನಲವತ್ತು ಜನ, ಕಟ್ಟಡದ ಕೆಳಗಿನ ಸಣ್ಣ ಸಭಾಂಗಣ. ಅದಕ್ಕೆ ಕ್ಷಮೆ ಕೇಳುತ್ತಾ ಕೂತರೆ ಗಾಯ ದೊಡ್ಡದಾಗುತ್ತದೆ. "ಮನೆಮಟ್ಟಿಗೆ ನಡೆಯಿತು" ಅಂದರೆ ಕನ್ನಡದವರಿಗೆ ಅರ್ಥವಾಗುತ್ತದೆ. ಆದರೆ ಅದರ ಬೆನ್ನಿಗೇ, ಮದುವೆಗೆ ಕರೆಯಲು ಬರುತ್ತೇವೆ ಅನ್ನುವ ಭರವಸೆ ಇರಬೇಕು. ಅರಿಶಿನ ಕುಂಕುಮ ಅಕ್ಷತೆ ಹಿಡಿದು ಮನೆಗೆ ಬಂದು ಕರೆಯುವುದೇ ಕರೆ ಅನ್ನುವ ತಲೆಮಾರು ಇನ್ನೂ ನಮ್ಮ ನಡುವೆ ಇದೆ. "ಇದನ್ನೇ ವೈಯಕ್ತಿಕ ಕರೆ ಎಂದು ಭಾವಿಸಿ" ಅನ್ನುವ ಸಾಲನ್ನು ನಿಶ್ಚಿತಾರ್ಥದ ಸುದ್ದಿಯಲ್ಲಿ ಹಾಕಿದರೆ, ಮುಂದೆ ನಿಜವಾಗಿ ಕರೆಯಲು ಹೋದಾಗಲೂ ಅವರು ಆ ಸಾಲನ್ನೇ ನೆನಪಿಸುತ್ತಾರೆ.

ಮದುವೆಯ ದಿನ ಗೊತ್ತಾಗಿದ್ದರೆ ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಚೆನ್ನೈ, ಹೈದರಾಬಾದು, ದೆಹಲಿಯಿಂದ ಬರುವವರು ರೈಲು ಕಾಯ್ದಿರಿಸಬೇಕು. 2024ರ ನವೆಂಬರದಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮೊದಲ ದಿನವೇ ಕೂತರೆ ಸೀಟು ಸಿಗುತ್ತದೆ, ಒಂದು ವಾರ ತಡವಾದರೆ ಕಾಯುವ ಪಟ್ಟಿ. ದಿನ ಇನ್ನೂ ಗೊತ್ತಾಗಿಲ್ಲವಾದರೆ "ಬಹುಶಃ" ಅಂತ ಹೇಳುವುದು ಬೇಡ. ಬಳಗದ ಗುಂಪಿನಲ್ಲಿ "ಬಹುಶಃ" ಎರಡು ದಿನಕ್ಕೇ ಖಚಿತವಾಗಿಬಿಡುತ್ತದೆ. ನಮ್ಮದರಲ್ಲಿ ಲಗ್ನಪತ್ರಿಕೆ ಬರೆದಾಗಿತ್ತು, ದಿನ ಹಾಕಿದೆವು. ಮನೆಯ ವಿಳಾಸ, ಫೋನು ಸಂಖ್ಯೆ ಹಾಕಲಿಲ್ಲ. ಇಂಥ ಬರಹ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ.

ಕಡೆಗೆ ಹೋದ ಬರಹ ಇದು. ಹೆಸರು, ದಿನಗಳನ್ನು ತೆಗೆದಿದ್ದೇನೆ.

"ನಾನು ಧಾರವಾಡದ ದಿ. ….. ಅವರ ಮೊಮ್ಮಗಳು, ಡೊಂಬಿವಲಿಯ ….. ದಂಪತಿಗಳ ಮಗಳು. ನಾನು ಹಾಸನದ ….. ಅವರ ತಮ್ಮನ ಮಗ, ಚೆನ್ನೈನ ….. ದಂಪತಿಗಳ ಮಗ. ನಮ್ಮ ಮದುವೆ ಗೊತ್ತಾಗಿದೆ. ಮೊನ್ನೆ ಶುಕ್ರವಾರ ಮನೆಮಟ್ಟಿಗೆ ನಿಶ್ಚಿತಾರ್ಥ ನಡೆಯಿತು.

ನಾವು ಒಬ್ಬರನ್ನೊಬ್ಬರು ಮೆಚ್ಚಿದೆವು. ಮನೆಯ ಹಿರಿಯರು ನಮ್ಮ ಮಾತು ಕೇಳಿ, ಯೋಚಿಸಿ, ಒಪ್ಪಿ ಗೊತ್ತುಮಾಡಿದರು. ಎತ್ತಿ ಆಡಿಸಿ, ನಮ್ಮ ಭಾಷೆ ಕಲಿಸಿದ ಡೊಂಬಿವಲಿಯ ಆಯಿಗೆ, ದೂರದಿಂದ ಬಂದು ನಮ್ಮನ್ನು ಹರಸಿದ ಹಾಸನದ ದೊಡ್ಡಪ್ಪನಿಗೆ, ಎರಡೂ ಮನೆಯ ಅಪ್ಪ ಅಮ್ಮಂದಿರಿಗೆ, ಕಾಕಾ, ಚಿಕ್ಕಪ್ಪ, ಮೌಶಿ, ಚಿಕ್ಕಮ್ಮ, ಮಾಮಾ, ಸೋದರಮಾವ ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರಗಳು.

ಮದುವೆ ….. ದಿನ ….. ಊರಿನಲ್ಲಿ. ಅಕ್ಷತೆ ಕೊಟ್ಟು ಕರೆಯಲು ಬರುತ್ತೇವೆ. ದೂರದ ಊರಿನವರು ಪ್ರಯಾಣದ ಏರ್ಪಾಡು ಮಾಡಿಕೊಳ್ಳಲಿ ಅಂತ ಈಗಲೇ ದಿನ ತಿಳಿಸಿದ್ದೇವೆ. ಉಡುಗೊರೆ ಏನೂ ಬೇಡ, ನೀವು ಬರಬೇಕು.

ನಿಮ್ಮ ಮಕ್ಕಳು, ….. ಮತ್ತು ….."

ಚಿತ್ರ ಒಂದೇ ಹಾಕಿದರು. ಉಂಗುರದ ಕೈಗಳ ಚಿತ್ರ ಚೆನ್ನಾಗಿಯೇ ಬಂದಿತ್ತು, ಅದನ್ನು ಗೆಳೆಯರಿಗೆ ಇಟ್ಟುಕೊಂಡರು. ಬಳಗಕ್ಕೆ ಹೋದದ್ದು ಹಿರಿಯರು ಕುರ್ಚಿಯಲ್ಲಿ ಕೂತು, ಇವರಿಬ್ಬರು ಹಿಂದೆ ನಿಂತ ಚಿತ್ರ. ಆಯಿ ನಡುವೆ ಕೂತಿದ್ದಾಳೆ. ಆ ಚಿತ್ರಕ್ಕೆ ಅವಳನ್ನು ಒಪ್ಪಿಸಿದ್ದು ದೊಡ್ಡಪ್ಪ. ತಾವು ಕೂರಬೇಕಾದರೆ ಮೊದಲು ಅವರು ಕೂರಲಿ ಅಂದರು.

ಕಳಿಸುವ ಮೊದಲು ಇನ್ನೊಂದು ಕೆಲಸ ಇತ್ತು. ಹತ್ತಿರದ ಹಿರಿಯರು ಈ ಸುದ್ದಿಯನ್ನು ಪರದೆಯ ಮೇಲೆ ಮೊದಲ ಸಲ ನೋಡಬಾರದು, ಕಿವಿಯಲ್ಲಿ ಕೇಳಬೇಕು. ಒಂದು ಕಾಗದದ ಮೇಲೆ ಹದಿನೆಂಟು ಹೆಸರು ಬರೆದುಕೊಂಡು, ಇಬ್ಬರೂ ಹಂಚಿಕೊಂಡು, ಎರಡು ಸಂಜೆ ಫೋನು ಮಾಡಿದರು. ಅದರಲ್ಲಿ ಮೊದಲ ಫೋನು ಸೋದರಮಾವಂದಿರಿಗೆ, ಯಾಕೆಂದರೆ ನಮ್ಮ ಮದುವೆಗಳಲ್ಲಿ ಅವರ ಕೆಲಸ ಬೇರೆ ಯಾರೂ ಮಾಡಲಾರರು. ಕಣ್ಣು ಮಂಜಾದವರಿಗೆ, ಕನ್ನಡ ಓದಲು ಬಾರದ ಹೊರನಾಡಿನ ಮಕ್ಕಳಿಗೆ ಅದೇ ಬರಹವನ್ನು ಹುಡುಗಿ ತನ್ನ ದನಿಯಲ್ಲಿ ಓದಿ ಕಳಿಸಿದಳು. ಎರಡು ನಿಮಿಷವೂ ಆಗಲಿಲ್ಲ.

ಉತ್ತರಗಳು ಬರತೊಡಗಿದವು. ಹೆಚ್ಚಿನವು ಕೈಮುಗಿದ ಚಿತ್ರ, ಹೂಗುಚ್ಛದ ಚಿತ್ರ. ಅವುಗಳ ನಡುವೆ ಹಾಸನದಿಂದ ದೊಡ್ಡಪ್ಪನ ಉತ್ತರ. ಅವರು ಸಾಮಾನ್ಯವಾಗಿ ಗುಂಪಿನಲ್ಲಿ ಏನೂ ಬರೆಯುವವರಲ್ಲ. ಕನ್ನಡದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದರು: "ಚಿ. ಸೌ. ಸೊಸೆಗೆ ಮತ್ತು ಚಿ. ಮಗನಿಗೆ ಆಶೀರ್ವಾದಗಳು. ಚೆನ್ನಾಗಿ ಬಾಳಿ." ಮಕ್ಕಳು ತಮ್ಮ ಹೆಸರಿನಿಂದ ತೆಗೆದಿದ್ದ ಎರಡು ಅಕ್ಷರಗಳನ್ನು ಅವರು ಬರೆದರು. ಅದನ್ನು ಬರೆಯಬೇಕಾದವರು ಅವರೇ ಆಗಿದ್ದರು.